ಎಂಆರ್‌ಐ ಕೋಣೆಯ ಬಾಗಿಲಲ್ಲಿ ಕೇಳುವ ಪ್ರಶ್ನೆಗಳು: ಕಣ್ಣಿಗೆ ಬಿದ್ದ ಚೂರಿನಿಂದ ಪೇಸ್‌ಮೇಕರ್‌ವರೆಗೆ

ಕೋಲಾರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಎಂಆರ್‌ಐ ಟೆಕ್ನಿಷಿಯನ್. ದಿನವೂ ಒಂದೇ ಫಾರ್ಮನ್ನು ಮತ್ತೆ ಮತ್ತೆ ಓದಿ ಹೇಳುತ್ತೇನೆ. ಪೇಸ್‌ಮೇಕರ್ ಇದೆಯಾ? ತಲೆಯಲ್ಲಿ ಕ್ಲಿಪ್ ಹಾಕಿದ್ದಾರಾ? ಕಿವಿಯೊಳಗೆ ಯಂತ್ರ ಕೂರಿಸಿದ್ದಾರಾ? ಮೈಯಲ್ಲಿ ರಾಡು, ಪ್ಲೇಟು, ಸ್ಟೆಂಟು? ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಬಿದ್ದಿತ್ತಾ? ತೆಲುಗು ಮನೆಮಾತಿನವರಿಗೆ ತೆಲುಗಿನಲ್ಲಿ, ಕೆಜಿಎಫ್ ಕಡೆಯಿಂದ ಬಂದವರಿಗೆ ಬೇಕಾದರೆ ತಮಿಳಿನಲ್ಲಿ ಕೇಳುತ್ತೇನೆ. ಬಹಳ ಜನ ಪ್ರಶ್ನೆ ಮುಗಿಯುವ ಮೊದಲೇ "ಇಲ್ಲ ಮೇಡಂ, ಏನೂ ಇಲ್ಲ" ಎಂದು ಸಹಿ ಹಾಕಲು ಪೆನ್ನು ಕೇಳುತ್ತಾರೆ.

ಈ ಪ್ರಶ್ನೆಗಳಲ್ಲಿ ನಮ್ಮ ಜಿಲ್ಲೆಯವರು ತಪ್ಪು ಉತ್ತರ ಕೊಡುವುದು ಕೊನೆಯದಕ್ಕೆ ಜಾಸ್ತಿ. ಸುಳ್ಳು ಹೇಳಬೇಕು ಅಂತಲ್ಲ. ತಮ್ಮ ಕಣ್ಣಿಗೆ ಬಿದ್ದದ್ದು ಕಬ್ಬಿಣ ಅಂತ ಅವರಿಗೇ ಗೊತ್ತಿರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಕಣ್ಣಿನ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು: ಆ ಬಾಗಿಲು ಯಾಕೆ ಅಷ್ಟು ಮುಖ್ಯ

ಎಂಆರ್‌ಐ ಯಂತ್ರ ಒಂದು ದೊಡ್ಡ ಆಯಸ್ಕಾಂತ. ಸಾಮಾನ್ಯವಾಗಿ ಸಿಗುವುದು 1.5 ಟೆಸ್ಲಾ ಯಂತ್ರ, ಕೆಲವು ಕಡೆ 3 ಟೆಸ್ಲಾ. 1.5 ಟೆಸ್ಲಾ ಅಂದರೆ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಆಯಸ್ಕಾಂತ ಶಕ್ತಿಗಿಂತ ಹೆಚ್ಚೂಕಡಿಮೆ 30 ಸಾವಿರ ಪಟ್ಟು.

ಇದು ಯಾವಾಗಲೂ ಆನ್ ಆಗಿಯೇ ಇರುತ್ತದೆ. ರಾತ್ರಿ ಸೆಂಟರ್ ಮುಚ್ಚಿದಾಗಲೂ, ಭಾನುವಾರವೂ. ಕರೆಂಟ್ ಹೋದರೆ ದೀಪ ಆರುತ್ತದೆ, ಕಂಪ್ಯೂಟರ್ ನಿಲ್ಲುತ್ತದೆ, ಆಯಸ್ಕಾಂತ ಹಾಗೇ ಇರುತ್ತದೆ. ಅದರ ಒಳಗಿನ ತಂತಿಸುರುಳಿ ದ್ರವ ಹೀಲಿಯಂನಲ್ಲಿ ಮುಳುಗಿ ಮೈನಸ್ 269 ಡಿಗ್ರಿಯಷ್ಟು ತಣ್ಣಗಿರುತ್ತದೆ. ಅಷ್ಟು ತಣ್ಣಗಾದ ತಂತಿಯಲ್ಲಿ ಒಮ್ಮೆ ಹರಿಸಿದ ವಿದ್ಯುತ್ತು ಹೊರಗಿನ ಕರೆಂಟ್ ಇಲ್ಲದೆಯೂ ಸುತ್ತುತ್ತಲೇ ಇರುತ್ತದೆ. ತುರ್ತಿನಲ್ಲಿ ನಿಲ್ಲಿಸಲು ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಹೀಲಿಯಂ ಕುದಿದು ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಆಗಲೂ ಶಕ್ತಿ ಪೂರ್ತಿ ಇಳಿಯಲು ಸ್ವಲ್ಪ ಸಮಯ ಬೇಕು. ಸ್ವಿಚ್ ಆರಿಸಿದ ಹಾಗೆ ಆಗುವುದಿಲ್ಲ.

2018ರ ಜನವರಿಯಲ್ಲಿ ಮುಂಬೈನ ನಾಯರ್ ಆಸ್ಪತ್ರೆಯಲ್ಲಿ ಯುವಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋಗಿ ಜೀವ ಕಳೆದುಕೊಂಡರು. ಅವರು ರೋಗಿಯಲ್ಲ, ರೋಗಿಯ ಜೊತೆ ಬಂದವರು. ಯಂತ್ರ ಆಫ್ ಆಗಿದೆ ಎಂದು ಅವರಿಗೆ ಹೇಳಿದ್ದರು ಎಂಬುದು ಮನೆಯವರ ಮಾತು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಆಯಸ್ಕಾಂತದ ಸೆಳೆತ ಅತಿ ಜೋರಾಗಿರುವುದು ಯಂತ್ರದ ಮಧ್ಯದಲ್ಲಿ ಅಲ್ಲ, ಅದರ ಬಾಯಿಯ ಹತ್ತಿರ. ಅಲ್ಲಿ ಒಂದೊಂದು ಹೆಜ್ಜೆಗೂ ಶಕ್ತಿ ಥಟ್ಟನೆ ಏರುತ್ತದೆ. ಕಬ್ಬಿಣವನ್ನು ಎಳೆಯುವುದು ಆ ಏರಿಕೆ. ಹಾಗಾಗಿ ಸ್ಕ್ಯಾನ್ ಶುರುವಾಗುವ ಮೊದಲೇ, ನೀವು ಮಂಚದ ಕಡೆ ನಡೆದು ಬರುವಾಗಲೇ ಅನಾಹುತ ಆಗಬಹುದು. "ಒಳಗೆ ಹೋಗಿ ಮಲಗಿರ್ತೀನಿ, ಆಮೇಲೆ ಕೇಳಿ" ಅಂದರೆ ನಾವು ಒಪ್ಪದಿರುವುದು ಇದಕ್ಕೇ.

ಹೆಜ್ಜೆ 1: ಅಪಾಯಿಂಟ್‌ಮೆಂಟ್ ಮಾಡಿಸುವಾಗಲೇ ಹೇಳಿ, ಕಾಗದ ಹುಡುಕಿಡಿ

ಹಳೆಯ ಆಪರೇಷನ್ ಯಾವುದೇ ಇರಲಿ, ಡಿಸ್ಚಾರ್ಜ್ ಕಾಗದ ಬೇಕು. ಮೈಯೊಳಗೆ ಏನಾದರೂ ಕೂರಿಸಿದ್ದರೆ ಅದರ ಕಾರ್ಡು ಬೇಕು. ಹಳೆಯ ಎಕ್ಸ್-ರೇ, ಸಿಟಿ ಸ್ಕ್ಯಾನ್ ಫಿಲ್ಮುಗಳು ಬೀರುವಿನ ಮೇಲೆ ಧೂಳು ಹಿಡಿದು ಬಿದ್ದಿರುತ್ತವೆ, ಅವನ್ನೂ ತನ್ನಿ. ಕಣ್ಣಿಗೆ ಏಟು ಬಿದ್ದ ನಂತರ ಯಾವುದೋ ಕಾರಣಕ್ಕೆ ತಲೆಯ ಸಿಟಿ ಆಗಿದ್ದು, ಅದರಲ್ಲಿ ಕಣ್ಣೂ ಬಂದಿದ್ದರೆ ಡಾಕ್ಟರ್ ಅದನ್ನೇ ನೋಡಿ ನಿರ್ಧಾರ ಮಾಡಬಹುದು. ಇನ್ನೊಂದು ಎಕ್ಸ್-ರೇ ಖರ್ಚು ಉಳಿಯುತ್ತದೆ.

ಶ್ರೀನಿವಾಸಪುರದಿಂದಲೋ ಮುಳಬಾಗಿಲಿನಿಂದಲೋ ಬಸ್ ಹತ್ತಿ ಬಂದವರನ್ನು "ಕಾರ್ಡು ಇಲ್ಲದೆ ಆಗಲ್ಲ" ಎಂದು ವಾಪಸ್ ಕಳಿಸುವಾಗ ನನಗೂ ಸಂಕಟವಾಗುತ್ತದೆ. ಹಿಂದಿನ ದಿನ ಒಂದು ಫೋನ್ ಮಾಡಿ "ನಮ್ಮ ತಂದೆಗೆ ಹೃದಯದಲ್ಲಿ ಮೆಷಿನ್ ಇದೆ" ಅಂದರೆ ಆ ಓಡಾಟ ತಪ್ಪುತ್ತದೆ.

ಹೆಜ್ಜೆ 2: ಕಣ್ಣಿನ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಿ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಕಲ್ಲಿನ ವಿಗ್ರಹಗಳಿಗೆ ಹೆಸರಾದ ಊರು. ಜಿಲ್ಲೆಯಲ್ಲಿ ಕಲ್ಲು ಒಡೆಯುವವರು, ಚಪ್ಪಡಿ ಸೀಳುವವರು, ಗ್ರೈಂಡರ್ ಹಿಡಿಯುವವರು, ವೆಲ್ಡಿಂಗ್ ಅಂಗಡಿಯವರು ಎಲ್ಲ ಕಡೆ ಇದ್ದಾರೆ. ಹಾಗಾಗಿ ಫಾರ್ಮಿನಲ್ಲಿ ಇಲ್ಲದಿದ್ದರೂ ನಾನು ಮೊದಲು ಕೇಳುವುದು "ಏನು ಕೆಲಸ ಮಾಡ್ತೀರಾ, ಮುಂಚೆ ಏನು ಮಾಡ್ತಿದ್ರಿ?" ಅಂತ.

ಒಮ್ಮೆ ಐವತ್ತು ದಾಟಿದ ಕಲ್ಲು ಕೆಲಸದವರೊಬ್ಬರು ಬಂದರು. ಸೊಂಟದಿಂದ ಕಾಲಿನವರೆಗೆ ಸೆಳೆತ. ಸೊಂಟದ ಎಂಆರ್‌ಐ ಬರೆದಿದ್ದರು. ಫಾರ್ಮಿನಲ್ಲಿ ಎಲ್ಲದಕ್ಕೂ ಇಲ್ಲ ಎಂದು ಟಿಕ್ ಆಗಿತ್ತು.

"ಅಣ್ಣ, ಕೆಲಸ ಮಾಡುವಾಗ ಕಣ್ಣಿಗೆ ಏನಾದ್ರೂ ಸಿಡಿದಿತ್ತಾ?"

"ಅಯ್ಯೋ, ಕಲ್ಲಿನ ಕೆಲಸ ಅಂದ್ಮೇಲೆ ಸಿಡಿಯದೆ ಇರತ್ತಾ ಮೇಡಂ? ಆದ್ರೆ ಅದು ಕಲ್ಲಿನ ಚೂರು. ಕಬ್ಬಿಣ ಅಲ್ಲ."

"ಕಲ್ಲೇ ಅಂತ ಹೇಗೆ ಗೊತ್ತಾಯ್ತು?"

"ಕಲ್ಲು ತಾನೇ ಹೊಡೀತಿದ್ದೆ?"

ಗಮನಿಸಬೇಕಾದ ಜಾಗ ಇದು. ಉಳಿಯ ತಲೆಗೆ ವರ್ಷಗಟ್ಟಲೆ ಸುತ್ತಿಗೆ ಬಿದ್ದು ಬಿದ್ದು ಅದು ಅಣಬೆಯ ಹಾಗೆ ಅಗಲವಾಗುತ್ತದೆ. ಅಂಚು ಹೊರಗೆ ಮಡಚಿಕೊಂಡು ಸೀಳುಬಿಡುತ್ತದೆ. ಒಂದು ದಿನ ಸುತ್ತಿಗೆ ಬಿದ್ದಾಗ ಆ ಅಂಚಿನ ಚಿಕ್ಕ ಚೂರು ಗುಂಡಿನ ಹಾಗೆ ಹಾರುತ್ತದೆ. ಕಲ್ಲಿನ ಪುಡಿ ಸಾಮಾನ್ಯವಾಗಿ ಕಣ್ಣಿನ ಮೇಲೆ ಕೂತು ಚುಚ್ಚುತ್ತದೆ, ತೊಳೆದರೆ ಹೋಗುತ್ತದೆ. ಉಕ್ಕಿನ ಚೂರು ಚೂಪಾಗಿ, ವೇಗವಾಗಿ ಬಂದರೆ ಕಣ್ಣುಗುಡ್ಡೆಯ ಗೋಡೆಯನ್ನೇ ತೂರಿ ಒಳಗೆ ಹೋಗಬಹುದು. ರಂಧ್ರ ಎಷ್ಟು ಸಣ್ಣದೆಂದರೆ ಅದು ತಾನಾಗಿಯೇ ಮುಚ್ಚಿಕೊಳ್ಳಬಹುದು. ಒಂದೆರಡು ದಿನ ಕೆಂಪಾಗಿ ನೀರು ಸುರಿದು, ಆಮೇಲೆ ನೋವು ಇಳಿಯುತ್ತದೆ. ಯಾರೋ ಬಟ್ಟೆಯ ತುದಿಯಿಂದ ಒರೆಸಿರುತ್ತಾರೆ. ಬಿದ್ದದ್ದು ಹೋಯಿತು ಅಂತಲೇ ಮನಸ್ಸಿನಲ್ಲಿ ಉಳಿಯುತ್ತದೆ.

ಅವರನ್ನು ಇನ್ನೂ ಕೆದಕಿದೆ. ಎಂಟೊಂಬತ್ತು ವರ್ಷದ ಹಿಂದೆ ಒಂದು ಸಲ ಬಲಗಣ್ಣಿಗೆ ಜೋರಾಗಿ ಹೊಡೆದಿತ್ತಂತೆ. ಮೆಡಿಕಲ್ ಶಾಪಿನಲ್ಲಿ ಡ್ರಾಪ್ಸ್ ತಂದು ಹಾಕಿಕೊಂಡಿದ್ದರು. ಈಗ ಹೇಗಿದೆ ಎಂದು ಕೇಳಿದೆ. "ಆ ಕಣ್ಣು ಸ್ವಲ್ಪ ಮಂಜು. ಕತ್ತಲಾದ್ರೆ ಜಾಸ್ತಿ. ಪೊರೆ ಬಂದಿರಬೇಕು, ವಯಸ್ಸಾಯ್ತಲ್ಲ" ಅಂದರು.

ನಾನು ಸ್ಕ್ಯಾನ್ ನಿಲ್ಲಿಸಿ ರೇಡಿಯಾಲಜಿ ಡಾಕ್ಟರಿಗೆ ಹೇಳಿದೆ.

ಹೆಜ್ಜೆ 3: ಅನುಮಾನ ಬಂದರೆ ಕಣ್ಣಿನ ಎಕ್ಸ್-ರೇ

ಈ ಎಕ್ಸ್-ರೇಗೆ ಐದು ಹತ್ತು ನಿಮಿಷ ಸಾಕು. ಗಲ್ಲವನ್ನು ಮೇಲಕ್ಕೆತ್ತಿ ಮುಖದ ಚಿತ್ರ ತೆಗೆಯುತ್ತೇವೆ. ಎರಡು ಸಲ. ಒಮ್ಮೆ ಕಣ್ಣು ಮೇಲಕ್ಕೆ ನೋಡಬೇಕು, ಇನ್ನೊಮ್ಮೆ ಕೆಳಕ್ಕೆ. ತಲೆ ಅಲ್ಲಾಡಬಾರದು.

ಎರಡು ಯಾಕೆ? ಲೋಹ ಎಕ್ಸ್-ರೇಯಲ್ಲಿ ಬೆಳ್ಳಗೆ ಚುಕ್ಕೆಯಾಗಿ ಕಾಣುತ್ತದೆ. ಆದರೆ ಪ್ಲೇಟಿನ ಮೇಲೆ ಕೂತ ಕೊಳೆಯೂ ಕೆಲವೊಮ್ಮೆ ಹಾಗೇ ಕಾಣುತ್ತದೆ. ಚರ್ಮಕ್ಕೋ ಮೂಳೆಗೋ ಅಂಟಿದ ಚೂರು ಕಣ್ಣು ತಿರುಗಿಸಿದರೂ ಇದ್ದಲ್ಲೇ ಇರುತ್ತದೆ. ಕಣ್ಣುಗುಡ್ಡೆಯ ಒಳಗಿರುವ ಚೂರು ಮಾತ್ರ ಕಣ್ಣಿನ ಜೊತೆ ಸರಿಯುತ್ತದೆ. ಹಾಗಾಗಿ ಎರಡು ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಆ ಅಣ್ಣನ ಬಲಗಣ್ಣಿನಲ್ಲಿ ಅಕ್ಕಿನುಚ್ಚಿಗಿಂತ ಚಿಕ್ಕದಾದ ಒಂದು ಬಿಳಿ ಚುಕ್ಕೆ ಕಂಡಿತು. ಮೇಲೆ ನೋಡಿದಾಗ ಒಂದು ಕಡೆ, ಕೆಳಗೆ ನೋಡಿದಾಗ ಇನ್ನೊಂದು ಕಡೆ. ಅದು ಕಣ್ಣಿನ ಒಳಗೇ ಇತ್ತು.

ಇಷ್ಟು ಚಿಕ್ಕ ಚೂರಿಗೆ ಯಾಕೆ ಹೆದರಬೇಕು? ಕೈಯ ಮಾಂಸದಲ್ಲಿ ಹಳೆಯ ಚೂರು ಇದ್ದರೆ ಅದರ ಸುತ್ತ ಗಟ್ಟಿ ಗಾಯದ ಕಲೆ ಬೆಳೆದು ಹಿಡಿದಿಟ್ಟಿರುತ್ತದೆ. ಸ್ವಲ್ಪ ಸರಿದರೂ ಅಲ್ಲಿ ದೊಡ್ಡ ಹಾನಿ ಅಪರೂಪ. ಕಣ್ಣಿನೊಳಗೆ ತುಂಬಿರುವುದು ಲೋಳೆಯಂಥ ತಿಳಿ ವಸ್ತು. ಅಲ್ಲಿ ಚೂರಿಗೆ ಗಟ್ಟಿ ಹಿಡಿತ ಇದೆ ಅಂತ ಹೊರಗಿನಿಂದ ಹೇಳಲು ಬರುವುದಿಲ್ಲ. ಆಯಸ್ಕಾಂತದ ಹತ್ತಿರ ಹೋದರೆ ಅದು ದಿಕ್ಸೂಚಿಯ ಮುಳ್ಳಿನ ಹಾಗೆ ತಿರುಗುತ್ತದೆ, ಎಳೆತಕ್ಕೆ ಸರಿಯುತ್ತದೆ. ಅದರ ಒಂದು ಅಂಚು ಹಿಂದಿರುವ ಅಕ್ಷಿಪಟಲವನ್ನೋ ರಕ್ತನಾಳವನ್ನೋ ಸೀಳಿದರೆ ಸಾಕು. 1986ರಲ್ಲಿ ಅಮೆರಿಕದ ವೈದ್ಯರು ಇಂಥ ಒಂದು ಘಟನೆಯನ್ನು ದಾಖಲಿಸಿದರು. ತಗಡಿನ ಕೆಲಸ ಮಾಡುತ್ತಿದ್ದ ವ್ಯಕ್ತಿ. ಕಣ್ಣಿನಲ್ಲಿ ಕೆಲವೇ ಮಿಲಿಮೀಟರಿನ ಹಳೆಯ ಚೂರು. ಎಂಆರ್‌ಐ ಆದ ಮೇಲೆ ಕಣ್ಣೊಳಗೆ ರಕ್ತ ಸುರಿದು ಆ ಕಣ್ಣಿನ ದೃಷ್ಟಿ ಹೋಯಿತು. ಆ ಯಂತ್ರ 0.35 ಟೆಸ್ಲಾದ್ದು. ಈಗಿನವು ಅದಕ್ಕಿಂತ ಎಷ್ಟೋ ಬಲವಾದವು.

ಚೂರು ಕಂಡ ಮೇಲೆ ಆ ದಿನ ಎಂಆರ್‌ಐ ಆಗುವುದಿಲ್ಲ. ಅವರನ್ನು ಕಣ್ಣಿನ ಡಾಕ್ಟರಿಗೆ ಕಳಿಸಿದೆವು. ಸಿಟಿಯಲ್ಲಿ ಚೂರು ಇರುವ ಜಾಗ ಖಚಿತವಾಯಿತು. ಸೊಂಟಕ್ಕೂ ಸದ್ಯಕ್ಕೆ ಸಿಟಿ ಮಾಡಿದರು. ನರದ ವಿಷಯದಲ್ಲಿ ಸಿಟಿ ಎಂಆರ್‌ಐನಷ್ಟು ವಿವರ ಕೊಡುವುದಿಲ್ಲ, ಆದರೆ ಡಿಸ್ಕ್ ದೊಡ್ಡದಾಗಿ ಉಬ್ಬಿದ್ದರೆ ತೋರಿಸುತ್ತದೆ. ಮೂಳೆ ಡಾಕ್ಟರಿಗೆ ಔಷಧಿ ಶುರು ಮಾಡಲು ಅಷ್ಟು ಸಾಕಾಯಿತು.

ಕಣ್ಣಿನ ಮಂಜಿಗೆ ಕಾರಣ ಬರೀ ಪೊರೆ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಕಬ್ಬಿಣ ಕಣ್ಣಿನೊಳಗೆ ಕೂತು ನಿಧಾನವಾಗಿ ಕರಗುತ್ತಾ ಅಕ್ಷಿಪಟಲವನ್ನು ಹಾಳುಮಾಡುತ್ತದೆ. ಕತ್ತಲೆಯಲ್ಲಿ ಕಾಣದಿರುವುದು ಅದರ ಗುರುತುಗಳಲ್ಲಿ ಒಂದು. ಆಪರೇಷನ್ ಮಾಡಿ ಚೂರು ತೆಗೆದರು. ಹೋದ ದೃಷ್ಟಿ ಪೂರ್ತಿ ವಾಪಸ್ ಬರಲಿಲ್ಲ. ತಿಂಗಳುಗಳ ನಂತರ ಕಣ್ಣಿನ ಡಾಕ್ಟರ್ ಬರೆದ ಚೀಟಿ ಮತ್ತು ಹೊಸ ಎಕ್ಸ್-ರೇ ಹಿಡಿದು ನಮ್ಮಲ್ಲಿಗೆ ಬಂದರು. ಎಕ್ಸ್-ರೇಯಲ್ಲಿ ಚುಕ್ಕೆ ಇರಲಿಲ್ಲ. ಸೊಂಟದ ಎಂಆರ್‌ಐ ಆ ದಿನವೇ ಆಯಿತು.

ಹಾಗಂತ ಕಣ್ಣಿಗೆ ಧೂಳು ಬಿದ್ದವರಿಗೆಲ್ಲ ಎಕ್ಸ್-ರೇ ಬೇಕಾಗಿಲ್ಲ. ಸುತ್ತಿಗೆ, ಗ್ರೈಂಡರ್, ಲೇತ್, ಡ್ರಿಲ್ಲಿಂಗ್, ಬ್ಲಾಸ್ಟಿಂಗ್ ಇಂಥ ಕೆಲಸದಲ್ಲಿ ಏನೋ ಹೊಡೆದು ನೀರು ಸುರಿದಿತ್ತು ಅಥವಾ ಡಾಕ್ಟರ್ ಹತ್ತಿರ ಹೋಗಬೇಕಾಯಿತು ಅನ್ನುವವರು ಹೇಳಲೇಬೇಕು. ಎಕ್ಸ್-ರೇ ಬೇಕೋ ಬೇಡವೋ ಎಂದು ರೇಡಿಯಾಲಜಿ ಡಾಕ್ಟರ್ ನಿರ್ಧರಿಸುತ್ತಾರೆ.

ಹೆಜ್ಜೆ 4: ಪೇಸ್‌ಮೇಕರ್ ಇದ್ದರೆ

ಇಲ್ಲಿ ಎಳೆತಕ್ಕಿಂತ ಬೇರೆ ತೊಂದರೆಗಳೇ ದೊಡ್ಡವು. ಪೇಸ್‌ಮೇಕರ್ ಹೃದಯದ ಬಡಿತವನ್ನು ಕೇಳಿಸಿಕೊಂಡು, ಬೇಕಾದಾಗ ಮಾತ್ರ ತಾನು ಬಡಿತ ಕೊಡುತ್ತದೆ. ಬಲವಾದ ಆಯಸ್ಕಾಂತದ ಹತ್ತಿರ ಅದು ಕೇಳಿಸಿಕೊಳ್ಳುವುದನ್ನು ಬಿಟ್ಟು ಸುಮ್ನೆ ಒಂದೇ ವೇಗದಲ್ಲಿ ಬಡಿಯತೊಡಗಬಹುದು. ಸ್ಕ್ಯಾನ್ ಮಾಡುವಾಗಿನ ಅಲೆಗಳನ್ನೇ ಹೃದಯದ ಬಡಿತ ಎಂದು ತಪ್ಪು ತಿಳಿದು ತನ್ನ ಕೆಲಸ ನಿಲ್ಲಿಸಲೂಬಹುದು. ಪೇಸ್‌ಮೇಕರ್ ಮೇಲೇ ಬದುಕಿರುವವರಿಗೆ ಕೆಲವು ಸೆಕೆಂಡ್ ನಿಂತರೂ ಜೀವಕ್ಕೆ ಅಪಾಯ.

ಇನ್ನೊಂದು ತೊಂದರೆ ಅದರ ತಂತಿಯದು. ಎಂಆರ್‌ಐ ಚಿತ್ರ ತೆಗೆಯುವುದು ರೇಡಿಯೋ ಅಲೆಗಳಿಂದ. ಉದ್ದನೆಯ ತಂತಿ ಆ ಅಲೆಗಳನ್ನು ಆಂಟೆನಾದ ಹಾಗೆ ಹಿಡಿಯುತ್ತದೆ. ಬಿಸಿಯಾಗುವುದು ತಂತಿಯ ತುದಿ, ಆ ತುದಿ ಇರುವುದು ಹೃದಯದ ಮಾಂಸದೊಳಗೆ.

ಮೊದಲು ಯುರೋಪಿನಲ್ಲಿ, 2011ರಿಂದೀಚೆಗೆ ಅಮೆರಿಕದಲ್ಲಿ, ಆಮೇಲೆ ಎಲ್ಲ ಕಡೆ, ಎಂಆರ್‌ಐಗೆ ಒಗ್ಗುವ ಪೇಸ್‌ಮೇಕರ್‌ಗಳು ಬಳಕೆಗೆ ಬಂದಿವೆ. ಬೆಂಗಳೂರಿನ ಜಯದೇವದಲ್ಲಿ ಹಾಕಿಸಿಕೊಂಡು ಬಂದ ಹಿರಿಯರು ನಮ್ಮಲ್ಲಿ ಬಹಳ ಜನ. ಕಾರ್ಡಿನಲ್ಲಿ ನಾವು ನೋಡುವುದು ಡಬ್ಬಿಯ ಮಾಡೆಲ್ ನಂಬರ್ ಒಂದನ್ನೇ ಅಲ್ಲ. ತಂತಿಯ ಮಾಡೆಲ್ ನಂಬರೂ ಬೇಕು, ಯಾಕೆಂದರೆ ಎರಡೂ ಒಗ್ಗಿದರೆ ಮಾತ್ರ ಒಗ್ಗಿದಂತೆ. ಬ್ಯಾಟರಿ ಮುಗಿದಾಗ ಡಬ್ಬಿ ಮಾತ್ರ ಬದಲಾಯಿಸಿ ಹಳೆಯ ತಂತಿ ಹಾಗೇ ಬಿಟ್ಟಿರುತ್ತಾರೆ. ಕೆಲವರ ಎದೆಯಲ್ಲಿ ಕೆಲಸಕ್ಕೆ ಬಾರದ ತಂತಿಯೂ ಉಳಿದಿರುತ್ತದೆ. ಹಾಕಿ ಎಷ್ಟು ದಿನವಾಯಿತು ಎಂಬುದೂ ಬೇಕು. ಸಾಮಾನ್ಯವಾಗಿ ಆರು ವಾರ ಕಳೆದಿರಬೇಕು ಅನ್ನುತ್ತಾರೆ.

ಇಷ್ಟೆಲ್ಲ ಸರಿಯಿದ್ದರೂ ನೇರವಾಗಿ ಮಲಗಿಸಲು ಆಗುವುದಿಲ್ಲ. ಹೃದಯದ ಡಾಕ್ಟರ ಕಡೆಯವರು ಬಂದು ಪೇಸ್‌ಮೇಕರ್ ಅನ್ನು ಎಂಆರ್‌ಐ ಸ್ಥಿತಿಗೆ ಬದಲಾಯಿಸಬೇಕು. ಸ್ಕ್ಯಾನ್ ಉದ್ದಕ್ಕೂ ನಾಡಿ ನೋಡುತ್ತಿರಬೇಕು. ಮುಗಿದ ಕೂಡಲೇ ಮೊದಲಿನ ಸ್ಥಿತಿಗೆ ತರಬೇಕು. ಈ ಏರ್ಪಾಡು ಇಲ್ಲದ ಸೆಂಟರಿನವರು ನಿಮ್ಮನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಸರಿಯಾದದ್ದನ್ನೇ ಮಾಡಿದ್ದಾರೆ. ಸ್ಕ್ಯಾನ್ ಮಾಡಲ್ಲ ಅಂದುಬಿಟ್ಟಾರು ಎಂಬ ಭಯಕ್ಕೆ ಪೇಸ್‌ಮೇಕರ್ ಮುಚ್ಚಿಟ್ಟವರನ್ನು ನಾನು ನೋಡಿದ್ದೇನೆ. ಬಟ್ಟೆ ಬದಲಾಯಿಸುವಾಗ ಭುಜದ ಕೆಳಗಿನ ಉಬ್ಬು ಕಂಡಿತು. ದಯವಿಟ್ಟು ಹಾಗೆ ಮಾಡಬೇಡಿ.

ಹೆಜ್ಜೆ 5: ರಾಡು, ಸ್ಟೆಂಟು, ಕ್ಲಿಪ್ಪು

ಕಾಲು ಮುರಿದಾಗ ಮೂಳೆಗೆ ಹಾಕಿದ ರಾಡು, ಪ್ಲೇಟು, ಮಂಡಿ ಕೀಲು ಇವು ಹೆಚ್ಚಾಗಿ ಟೈಟಾನಿಯಂ ಅಥವಾ ಆಯಸ್ಕಾಂತಕ್ಕೆ ಅಂಟದ ಉಕ್ಕು. ಸಾಮಾನ್ಯವಾಗಿ ಎಂಆರ್‌ಐ ಮಾಡುತ್ತೇವೆ. ಆದರೂ ಹೇಳಬೇಕು, ಯಾಕೆಂದರೆ ಅದರ ಸುತ್ತ ಚಿತ್ರ ಕಪ್ಪಾಗಿ ಕೆಡುತ್ತದೆ, ಬಿಸಿಯ ಮೇಲೆ ಕಣ್ಣಿಡಬೇಕಾಗುತ್ತದೆ. ಹೃದಯದ ಸ್ಟೆಂಟಿಗೂ ಹೆಚ್ಚಿನ ಸಲ ಅಡ್ಡಿ ಇಲ್ಲ.

ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ ಮಾತ್ರ ಬೇರೆ ಮಾತು. ಹಳೆಯ ಕಾಲದ ಕೆಲವು ಕ್ಲಿಪ್‌ಗಳು ಆಯಸ್ಕಾಂತಕ್ಕೆ ತಿರುಗುತ್ತವೆ. ತಿರುಗಿದರೆ ನಾಳ ಸೀಳಿಹೋಗುತ್ತದೆ. ಎಕ್ಸ್-ರೇಯಲ್ಲಿ ಕ್ಲಿಪ್ ಕಾಣುತ್ತದೆ, ಅದು ಯಾವ ಲೋಹ ಅಂತ ಕಾಣುವುದಿಲ್ಲ. ಆಪರೇಷನ್ ಕಾಗದದಲ್ಲಿ ಹೆಸರು ಇಲ್ಲದೆ ನಾವು ಒಳಗೆ ಬಿಡುವುದಿಲ್ಲ. "ಮುಂಚೆ ಒಂದು ಸಲ ಎಂಆರ್‌ಐ ಆಗಿದೆ, ಏನೂ ಆಗಿಲ್ಲ" ಅನ್ನುವ ಮಾತು ಸಾಕಾಗುವುದಿಲ್ಲ. ಆಗಿನ ಯಂತ್ರ ಬೇರೆ, ಮಲಗಿದ ರೀತಿ ಬೇರೆ ಇದ್ದಿರಬಹುದು.

ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇರುವ ಮಕ್ಕಳಿದ್ದರೆ ಅದರಲ್ಲೇ ಒಂದು ಆಯಸ್ಕಾಂತ ಇರುತ್ತದೆ. ಅದನ್ನು ಹಾಕಿದ ಡಾಕ್ಟರನ್ನು ಕೇಳದೆ ಅಪಾಯಿಂಟ್‌ಮೆಂಟೇ ಮಾಡಿಸಬೇಡಿ.

ಹೆಜ್ಜೆ 6: ಬಾಗಿಲಲ್ಲಿ

ಜೇಬಿನ ಚಾಕು, ಲೈಟರ್, ಬೀಗದ ಕೈ, ಮೊಬೈಲ್, ಎಟಿಎಂ ಕಾರ್ಡು ಎಲ್ಲ ಹೊರಗೆ. ಹೆಣ್ಣುಮಕ್ಕಳು ತಾಳಿ ಸರಕ್ಕೆ ಸಿಕ್ಕಿಸಿಕೊಂಡ ಪಿನ್ನುಗಳನ್ನು ಮರೆಯುತ್ತಾರೆ. ಅವು ಉಕ್ಕಿನವು. ಹೇರ್‌ಪಿನ್ನೂ ಅಷ್ಟೇ. ಬೆಳ್ಳಿ ಉಡಿದಾರ, ತಾಮ್ರದ ತಾಯಿತ, ಕಾಲುಂಗುರ ಎಳೆಯಲ್ಪಡುವುದಿಲ್ಲ, ಆದರೆ ಬಿಸಿಯಾಗಬಹುದು. ಜರಿ ಇರುವ ಬಟ್ಟೆಯೂ ಹಾಗೇ. ಕಾಡಿಗೆಯಲ್ಲಿ ಕಬ್ಬಿಣದ ಅಂಶ ಇರಬಹುದು, ಒರೆಸಿ ಬನ್ನಿ. ಕಾಲುಂಗುರ ಬಿಗಿಯಾಗಿ ಬರದಿದ್ದರೆ ಹೇಳಿ, ಅದಕ್ಕೆ ದಾರಿ ಇದೆ.

ಜೊತೆಗೆ ಒಳಗೆ ಬರುವವರಿಗೂ ಇದೇ ಫಾರ್ಮು, ಇವೇ ಪ್ರಶ್ನೆಗಳು. ಮಗುವಿನ ಕೈ ಹಿಡಿದು ನಿಲ್ಲುವ ಅಪ್ಪ ಗ್ರೈಂಡರ್ ಕೆಲಸದವನಾಗಿ ಕಣ್ಣಿನ ಅನುಮಾನ ಇದ್ದರೆ, ಅಮ್ಮ ಒಳಗೆ ಬರಲಿ.

ಮಲಗಿದ ಮೇಲೆ ಕೈಗೆ ಒಂದು ರಬ್ಬರ್ ಬುಗ್ಗೆ ಕೊಡುತ್ತೇವೆ. ಮೈಯಲ್ಲಿ ಎಲ್ಲಾದರೂ ಒಂದೇ ಜಾಗ ಸುಡುವ ಹಾಗೆ ಆದರೆ ಒತ್ತಿ. ಕಣ್ಣಿನಲ್ಲಿ ಚುಚ್ಚಿದ ಹಾಗೋ ಮಿಂಚಿದ ಹಾಗೋ ಆದರೂ ಒತ್ತಿ. ಸ್ಕ್ಯಾನ್ ಕೆಡುತ್ತೆ ಅಂತ ತಡೆದುಕೊಳ್ಳಬೇಡಿ.

ಕಲ್ಲು, ಕಬ್ಬಿಣದ ಕೆಲಸದವರಿಗೆ ಇನ್ನೊಂದು ಮಾತು

ಕೆಲಸದಲ್ಲಿ ಕಣ್ಣಿಗೆ ಏನಾದರೂ ಹೊಡೆದ ದಿನ ಉಜ್ಜಬೇಡಿ, ಒತ್ತಬೇಡಿ, ಬಟ್ಟೆಯಿಂದ ಕೀಳಲು ಹೋಗಬೇಡಿ. ಕಣ್ಣಿನ ಡಾಕ್ಟರಿಗೆ "ಸುತ್ತಿಗೆ ಏಟಿಗೆ ಸಿಡಿದದ್ದು" ಎಂದು ಬಾಯಿಬಿಟ್ಟು ಹೇಳಿ. ಬರೀ "ಧೂಳು ಬಿತ್ತು" ಅಂದರೆ ಒಳಗೆ ಹುಡುಕುವ ಯೋಚನೆ ಬರದೇ ಹೋಗಬಹುದು. ಉಳಿಯ ತಲೆ ಅಣಬೆಯಾಗಿದ್ದರೆ ಆ ಅಂಚನ್ನು ಗ್ರೈಂಡ್ ಮಾಡಿಸಿ, ಮಾಡಿಸುವಾಗ ಕನ್ನಡಕ ಹಾಕಿಕೊಳ್ಳಿ. ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಯಾವ ಕಣ್ಣು, ಯಾವ ತಾರೀಖು, ಏನು ತೆಗೆದರು, ಒಳಗೆ ಏನಾದರೂ ಉಳಿದಿದೆಯಾ ಎಂಬುದು ಇರಲಿ. ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಮಂಡಿ ನೋವಿಗೋ ತಲೆನೋವಿಗೋ ಎಂಆರ್‌ಐ ಬರೆದರೆ, ಬಾಗಿಲಲ್ಲಿ ನಿಂತು ಕೇಳುವವರಿಗೆ ಆ ಚೀಟಿ ತೋರಿಸಿ.